ಒಂದೇ ಗೇಟು, ಮೂರು ಬಗೆಯ ನೌಕರಿ



ಸಾಫ್ಟ್‌ವೇರ್‌ನವನು ಕಾರ್ಖಾನೆಯ ಮಾತು ಯಾಕೆ ಆಡುತ್ತಾನೆ ಎಂದು ನಿಮಗೆ ಅನಿಸಬಹುದು. ನನ್ನ ಜೊತೆ ಈ ಶಾಲೆಯಲ್ಲಿ ಕಲಿತವರಲ್ಲಿ ಬಿಇ ಮಾಡಿದವರಿಗಿಂತ ಐಟಿಐ ಮುಗಿಸಿ ಸಕ್ಕರೆ, ಸಿಮೆಂಟ್ ಕಾರ್ಖಾನೆ ಸೇರಿದವರೇ ಹೆಚ್ಚು. ನಿಮ್ಮಲ್ಲೂ ಹಾಗೇ ಆಗಬಹುದು.

ಹೋದ ದೀಪಾವಳಿಗೆ ನವನಗರಕ್ಕೆ ಬಂದಾಗ ಒಬ್ಬ ಗೆಳೆಯ ತನ್ನ ಪಿಎಫ್ ನೋಡಿಕೊಡು ಎಂದ. ಪಿಎಫ್ ಜಾಲತಾಣದಲ್ಲಿ Service History ತೆರೆದರೆ ಮೂರು ಮಾಲೀಕರ ಹೆಸರು ಬಂದವು. "ಎಂಟು ವರ್ಷದಿಂದ ಒಂದೇ ಗೇಟಿನ್ಯಾಗ ಹೊಂಟೇನಿ, ನಾ ಯಾವಾಗ ಕೆಲಸ ಬಿಟ್ಟೆನೋ?" ಎಂದ. ಅವನು ಬಿಟ್ಟಿರಲಿಲ್ಲ, ಗುತ್ತಿಗೆದಾರರು ಬದಲಾಗಿದ್ದರು. ಮೊದಲನೆಯವರ ಬಳಿ ಮೂರು ವರ್ಷ, ಎರಡನೆಯವರ ಬಳಿ ಎರಡು, ಈಗಿನವರ ಬಳಿ ಮೂರು.

ಇದರಿಂದ ಏನಾಗುತ್ತದೆ? ಗ್ರ್ಯಾಚುಟಿಗೆ ಸಾಮಾನ್ಯವಾಗಿ ಐದು ವರ್ಷದ ಸತತ ಸೇವೆ ಬೇಕು. ಮೂಲ ವೇತನ ಮತ್ತು ತುಟ್ಟಿಭತ್ಯೆ ಸೇರಿ 13,000 ರೂಪಾಯಿ ಇದ್ದರೆ, ಅದನ್ನು 26ರಿಂದ ಭಾಗಿಸಿ 15ರಿಂದ ಗುಣಿಸಿದರೆ ವರ್ಷಕ್ಕೆ 7,500. ಅದೇ ಗೇಟಿನ ಖಾಯಂ ನೌಕರನಿಗೆ ಎಂಟು ವರ್ಷಕ್ಕೆ 60,000 ಆಗುತ್ತದೆ. ನನ್ನ ಗೆಳೆಯನ ಕಾಗದದಲ್ಲಿ ಯಾವ ಮಾಲೀಕರ ಬಳಿಯೂ ಐದು ವರ್ಷ ತುಂಬಿಲ್ಲ. ಪಿಎಫ್ ಹಣ ಮಾತ್ರ ಎಲ್ಲೂ ಹೋಗಿರಲಿಲ್ಲ. ಹಳೆಯ ಎರಡು ಖಾತೆಗಳನ್ನು ಈಗಿನ ಖಾತೆಗೆ ವರ್ಗಾಯಿಸಲು ಅಂದೇ ಅರ್ಜಿ ಹಾಕಿದೆವು.

ಖಾಯಂ ನೌಕರನನ್ನು ತಪ್ಪಿನ ಮೇಲೆ ತೆಗೆಯಬೇಕಾದರೆ ಆರೋಪಪಟ್ಟಿ ಕೊಟ್ಟು ವಿಚಾರಣೆ ನಡೆಸಬೇಕು. ಗುತ್ತಿಗೆಯವನಿಗೆ ಬಹಳ ಸಲ "ನಾಳೆಯಿಂದ ಬರಬ್ಯಾಡ" ಎಂಬ ಒಂದು ಫೋನು, ಅಷ್ಟೇ. ಆದರೆ ಗುತ್ತಿಗೆದಾರ ಸಂಬಳ ಕೊಡದಿದ್ದರೆ ಕೊಡುವ ಹೊಣೆ ಕಾರ್ಖಾನೆಯ ಮೇಲೇ ಬೀಳುತ್ತದೆ. ಇದು ನಮ್ಮ ಹುಡುಗರಲ್ಲಿ ಅನೇಕರಿಗೆ ಗೊತ್ತಿಲ್ಲ.

ಅಪ್ರೆಂಟಿಸ್ ಕಾನೂನಿನ ಪ್ರಕಾರ ಕಲಿಯಲು ಬಂದವನು ಕಾರ್ಮಿಕನೇ ಅಲ್ಲ. ಅವನಿಗೆ ಸಿಗುವುದು ಸ್ಟೈಪೆಂಡ್. ಪಿಎಫ್, ಗ್ರ್ಯಾಚುಟಿ ಇಲ್ಲ, ಮುಗಿದ ಮೇಲೆ ನೌಕರಿ ಕೊಡಲೇಬೇಕೆಂದೂ ಇಲ್ಲ. ಕೆಲಸದಲ್ಲಿ ಗಾಯವಾದರೆ ಪರಿಹಾರ ಮಾತ್ರ ಉಂಟು. ಕೊನೆಗೆ ಪರೀಕ್ಷೆ ಬರೆದು ಪಡೆಯುವ ಪ್ರಮಾಣಪತ್ರವೇ ಅಲ್ಲಿಯ ಗಳಿಕೆ. ಹಾಗಾಗಿ ನಿಮ್ಮ ಒಪ್ಪಂದ ಸರ್ಕಾರದ ಅಪ್ರೆಂಟಿಸ್ ಪೋರ್ಟಲ್‌ನಲ್ಲಿ ನೋಂದಣಿಯಾಗಿದೆಯೇ ಎಂದು ಮೊದಲ ವಾರವೇ ಕೇಳಿ. ಆಗಿಲ್ಲದಿದ್ದರೆ ಆ ಪರೀಕ್ಷೆಗೆ ಕೂರಲು ಆಗುವುದಿಲ್ಲ. ಬರೀ "ಟ್ರೈನಿ" ಎಂದು ಹೆಸರಿಟ್ಟು ಉಳಿದವರಂತೆ ಪಾಳಿ ದುಡಿಸುವವರೂ ಇದ್ದಾರೆ.

ಇಷ್ಟು ವರ್ಷ ದುಡಿದೆ, ಇನ್ನು ತಾನಾಗಿಯೇ ಖಾಯಂ ಆಗುತ್ತೇನೆ ಎಂದು ನನ್ನ ಗೆಳೆಯ ನಂಬಿದ್ದ. ಹಾಗೆ ಆಗುವುದಿಲ್ಲ ಎಂದು ಸುಪ್ರೀಂ ಕೋರ್ಟ್ 2001ರಲ್ಲಿ ಸ್ಟೀಲ್ ಅಥಾರಿಟಿ ಪ್ರಕರಣದಲ್ಲಿ ಹೇಳಿದೆ. ಗುತ್ತಿಗೆ ಹೆಸರಿಗಷ್ಟೇ ಇತ್ತು, ನಿಜವಾಗಿ ಕೆಲಸ ಹಚ್ಚಿ ಹಿಡಿತ ಇಟ್ಟುಕೊಂಡಿದ್ದು ಕಾರ್ಖಾನೆಯೇ ಎಂದು ಕೈಗಾರಿಕಾ ನ್ಯಾಯಾಧಿಕರಣದ ಮುಂದೆ ಸಾಬೀತು ಮಾಡಬೇಕು. ಅದಕ್ಕೆ ಗೇಟ್ ಪಾಸ್, ಪಗಾರ ಚೀಟಿ, ಪಾಳಿಯ ಪಟ್ಟಿ ಬೇಕು. ಅವನು ಮೊದಲ ಐದು ವರ್ಷದ್ದು ಒಂದೂ ಇಟ್ಟುಕೊಂಡಿಲ್ಲ. ಈಗ ಪ್ರತಿ ತಿಂಗಳ ಚೀಟಿಯ ಫೋಟೋ ನನಗೆ ವಾಟ್ಸಾಪ್ ಮಾಡುತ್ತಾನೆ.