ಸಂಖ್ಯೆ ಕೇಳಿ ಬರೆಯುವಾಗ ಕಾರ್ಯಸ್ಮೃತಿಯ ಹೊರೆ

ಕೇಳಿದ್ದನ್ನು ಕೆಲವು ಕ್ಷಣ ಮನಸ್ಸಿನಲ್ಲಿ ಹಿಡಿದಿಟ್ಟುಕೊಂಡೇ ಅದರ ಮೇಲೆ ಕೆಲಸ ಮಾಡುವ ಶಕ್ತಿಯೇ ಕಾರ್ಯಸ್ಮೃತಿ, ಅಂದರೆ ವರ್ಕಿಂಗ್ ಮೆಮರಿ. ಮನಶ್ಶಾಸ್ತ್ರಜ್ಞರಾದ ಬ್ಯಾಡ್ಲಿ ಮತ್ತು ಹಿಚ್ 1974ರಲ್ಲಿ ಇದರ ಮಾದರಿಯೊಂದನ್ನು ಮಂಡಿಸಿದರು. ದೊಡ್ಡವರಲ್ಲೇ ಇದು ಒಮ್ಮೆಗೆ ಮೂರು ನಾಲ್ಕು ಅಂಶಗಳನ್ನಷ್ಟೇ ಹಿಡಿಯುತ್ತದೆ, ಮಕ್ಕಳಲ್ಲಿ ಇನ್ನೂ ಕಡಿಮೆ. ಮೊದಲು ಹೊಳೆದದ್ದನ್ನು ತಡೆಯುವ, ಒಂದು ನಿಯಮದಿಂದ ಇನ್ನೊಂದಕ್ಕೆ ಹೊರಳುವ ಕಾರ್ಯನಿರ್ವಾಹಕ ಸಾಮರ್ಥ್ಯಗಳೂ ಇದರ ಜೊತೆಗೇ ದುಡಿಯುತ್ತವೆ.

ಪುಣೆಯ ಮಗರಪಟ್ಟಾದ ಕನ್ನಡ ಮನೆಯ ಮಗುವಿಗೆ ಇವೆಲ್ಲ ಒಟ್ಟಿಗೆ ಬೇಕಾಗುವುದು ಸಂಖ್ಯೆಗಳ ಉಕ್ತಲೇಖನದಲ್ಲಿ. ಮನೆಯ ‘ನಲವತ್ತೇಳು’ ಹತ್ತನ್ನು ಮೊದಲು ಹೇಳುತ್ತದೆ, ಬರೆಯುವ ಕ್ರಮವೂ ಅದೇ. ಮರಾಠಿ ತರಗತಿಯ ‘ಸತ್ತೇಚಾಳೀಸ್’ನಲ್ಲಿ ಏಳು ಮೊದಲು ಕಿವಿಗೆ ಬೀಳುತ್ತದೆ. ಮಗು ಏಳನ್ನು ಬರೆಯದೆ ತಡೆದುಕೊಂಡು, ನಾಲ್ಕನ್ನು ಬರೆದು, ಮತ್ತೆ ಏಳಕ್ಕೆ ಮರಳಬೇಕು. ಅಷ್ಟರಲ್ಲಿ ಶಿಕ್ಷಕಿ ಮುಂದಿನ ಸಂಖ್ಯೆ ಹೇಳಿದರೆ ಪುಸ್ತಕದಲ್ಲಿ 74 ಮೂಡುತ್ತದೆ, ಇಲ್ಲವೇ ಜಾಗ ಖಾಲಿ ಉಳಿಯುತ್ತದೆ. ಇದು ಕನ್ನಡ ಮಕ್ಕಳ ತೊಡಕಷ್ಟೇ ಅಲ್ಲ. ಪುಣೆಯ ಪಠ್ಯಪುಸ್ತಕ ಸಂಸ್ಥೆ ಬಾಲಭಾರತಿ 2019ರಲ್ಲಿ ಎರಡನೇ ತರಗತಿಯ ಗಣಿತ ಪುಸ್ತಕದಲ್ಲಿ ‘ವೀಸ್ ಏಕ್’ ಎಂದು ಹತ್ತನ್ನು ಮೊದಲು ಹೇಳುವ ರೀತಿಯ ಓದನ್ನು ತಂದಾಗ ದೊಡ್ಡ ಗದ್ದಲವೇ ಆಯಿತು. ಗಣಿತ ಸಮಿತಿಯ ಅಧ್ಯಕ್ಷೆ ಮಂಗಳಾ ನಾರ್ಳೀಕರ್ ಆ ಬದಲಾವಣೆಯನ್ನು ಸಮರ್ಥಿಸಿದರು. ಗದ್ದಲ ಭಾಷಾಭಿಮಾನದ ಸುತ್ತ ತಿರುಗಿತು, ಮಗುವಿನ ಹೊರೆಯ ಮಾತು ಹಿಂದೆ ಸರಿಯಿತು.

ತಪ್ಪಿನ ಮೂಲ ಹುಡುಕಲು ಅದೇ ಸಂಖ್ಯೆಗಳನ್ನು ಮೂರು ಬಗೆಯಲ್ಲಿ ಕೊಟ್ಟು ನೋಡಬಹುದು. ಬೋರ್ಡ್ ನೋಡಿ ಸರಿಯಾಗಿ ಬರೆದು ಓದಿ, ಕನ್ನಡದಲ್ಲಿ ಹೇಳಿದಾಗಲೂ ಸರಿ ಬರೆದು, ಮರಾಠಿಯಲ್ಲಿ ಮಾತ್ರ ತಪ್ಪಿದರೆ ತೊಡಕು ಆ ಸಂಖ್ಯಾಪದಗಳ ರೂಢಿ ಮತ್ತು ಕ್ರಮದ್ದು. ಯಾವ ಭಾಷೆಯಲ್ಲಿ ಹೇಳಿದರೂ ತಪ್ಪಿ, ಜೊತೆಗೆ ‘ಪುಸ್ತಕ ತೆಗೆ, ಹನ್ನೆರಡನೇ ಪುಟ ನೋಡು, ಎರಡನೇ ಲೆಕ್ಕ ಮಾಡು’ ಎಂದರೆ ಪುಸ್ತಕ ತೆಗೆದು ಸುಮ್ಮನೆ ಕೂರುವುದೂ ಕಂಡುಬಂದರೆ ಕಾರ್ಯಸ್ಮೃತಿಯ ಮೇಲೆ ಅನುಮಾನ ಸಹಜ. ಅದಕ್ಕೂ ಮೊದಲು ಕಿವಿ, ಕಣ್ಣು, ನಿದ್ದೆ ಸರಿಯಿವೆಯೇ ಎಂದು ನೋಡಬೇಕು. ‘ಗಮನ ಕೊಡುವುದಿಲ್ಲ’ ಎಂಬ ಷರಾ ಏನನ್ನೂ ಪತ್ತೆ ಮಾಡುವುದಿಲ್ಲ.

ನೆರವಿನ ದಾರಿ ಹೊರೆ ಇಳಿಸುವುದು. ಹತ್ತು–ಬಿಡಿ ಎಂಬ ಎರಡು ಮನೆಗಳ ಚೌಕ ಪುಸ್ತಕದಲ್ಲೇ ಇದ್ದರೆ ಮಗು ಏಳನ್ನು ಕೇಳಿದ ಕೂಡಲೇ ಬಲಮನೆಗೆ ಹಾಕಿ, ನಾಲ್ಕನ್ನು ಎಡಕ್ಕೆ ತುಂಬಬಹುದು. ನೆನಪಿಡುವ ಪ್ರಮೇಯವೇ ಇಲ್ಲ. 47+25 ಬಾಯಿಲೆಕ್ಕದಲ್ಲಿ ದಶಕದ ಒಂದನ್ನು ಬರೆದಿಡಲು ಬಿಡಬೇಕು. ಶಿಕ್ಷಕರು ಒಂದು ಸಲಕ್ಕೆ ಒಂದೇ ಸೂಚನೆ ಕೊಟ್ಟು, ಮಗುವಿನ ಬಾಯಲ್ಲಿ ಅದನ್ನು ಹೇಳಿಸಬೇಕು. ಮನೆಯಲ್ಲಿ ಡಬ್ಬಿ, ಡೈರಿ, ನೀರಿನ ಬಾಟಲಿಯ ಚಿತ್ರಪಟ್ಟಿ ಬಾಗಿಲ ಬಳಿ ಇದ್ದರೆ ಬೆಳಗಿನ ಗದರಿಕೆ ತಗ್ಗುತ್ತದೆ.

ಸ್ಮರಣೆ ಹೆಚ್ಚಿಸುವ ಕಂಪ್ಯೂಟರ್ ಆಟಗಳಿಗೆ ಹಣ ಸುರಿಯುವ ಮುನ್ನ ಯೋಚಿಸಬೇಕು. ಸಂಶೋಧಕರಾದ ಮೆಲ್ಬಿ-ಲೆರ್ವಾಗ್ ಮತ್ತು ಹ್ಯೂಮ್ 2013ರಲ್ಲಿ ಹಲವು ಅಧ್ಯಯನಗಳನ್ನು ಒಟ್ಟಿಗೆ ಪರಿಶೀಲಿಸಿದಾಗ ಆಟದಲ್ಲಿ ಗಳಿಸಿದ ಚುರುಕು ಓದಿಗೂ ಲೆಕ್ಕಕ್ಕೂ ದಾಟಿದ್ದು ಕಾಣಲಿಲ್ಲ. ಇಷ್ಟೆಲ್ಲ ಹೊರೆ ಇಳಿಸಿಯೂ ಕೆಲವು ತಿಂಗಳ ನಂತರವೂ ಮಗು ಅಲ್ಲೇ ಉಳಿದರೆ ತಪ್ಪುಗಳಿರುವ ಪುಸ್ತಕಗಳ ಸಮೇತ ಮನಶ್ಶಾಸ್ತ್ರಜ್ಞರನ್ನು ಕಾಣಬೇಕು, ಪರೀಕ್ಷೆಯಲ್ಲಿ ಕನ್ನಡವೂ ಇರುವಂತೆ ಕೇಳಬೇಕು.