ಡಬ್ಬಿ ಮೀನು ಯಾವ ಕಡಲಿನದು?



ಗಲ್ಫ್‌ನಿಂದ ಕಲ್ಲಡ್ಕಕ್ಕೆ ಬಂದ ಟ್ಯೂನಾ ಮೀನಿನ ಈ ಡಬ್ಬಿಯನ್ನು ನೋಡಿರಿ. ಮೇಲೆ ‘ಪ್ರಾಡಕ್ಟ್ ಆಫ್ ಥಾಯ್ಲೆಂಡ್’ ಎಂದಿದೆ. ಮೀನೂ ಅಲ್ಲಿಯದೇ ಎಂದು ನಾನು ನಂಬಿದ್ದೆ. ಆದರೆ ಅಲ್ಲಿ ನಡೆದದ್ದು ಬೇಯಿಸಿ ಡಬ್ಬಿಗೆ ತುಂಬುವ ಕೆಲಸ ಮಾತ್ರ.

ಕೆಳಗೆ ಸಣ್ಣಕ್ಷರದಲ್ಲಿ ‘ಎಫ್‌ಎಒ 51’ ಎಂದಿದೆ. ಇದು ವಿಶ್ವಸಂಸ್ಥೆಯ ಆಹಾರ ಮತ್ತು ಕೃಷಿ ಸಂಸ್ಥೆ ಪಶ್ಚಿಮ ಹಿಂದೂ ಮಹಾಸಾಗರಕ್ಕೆ ಕೊಟ್ಟ ಸಂಖ್ಯೆ. ಥಾಯ್ಲೆಂಡಿನ ಕರಾವಳಿ 57 ಮತ್ತು 71ರಲ್ಲಿದೆ. ಅಂದರೆ ಮೀನು ಅಲ್ಲಿನ ಕಡಲಿನದಲ್ಲ. ನಮ್ಮ ಮಂಗಳೂರಿನ ಕಡಲೂ 51ರಲ್ಲೇ ಇದೆ. ಹಾಗೆಂದು ಇದು ನಮ್ಮ ಮೀನೆಂದು ಹಿಗ್ಗಬೇಡಿ, ಆಫ್ರಿಕಾದ ಪೂರ್ವ ತೀರಕ್ಕೂ ಅದೇ ಸಂಖ್ಯೆ!

ಹಿಡಿದ ಹಡಗು ಯಾವ ದೇಶದ ಧ್ವಜದ್ದೆಂದು ಈ ಡಬ್ಬಿ ಹೇಳುವುದಿಲ್ಲ. ಕಡಲಿನಲ್ಲಿ ಹಿಡಿದ ಇಂಥ ಮೀನನ್ನು ಯುರೋಪ್ ಒಕ್ಕೂಟಕ್ಕೆ ಕಳುಹಿಸಲು 2010ರಿಂದ ಧ್ವಜದ ದೇಶವು ದೃಢೀಕರಿಸಿದ ಪ್ರಮಾಣಪತ್ರ ಬೇಕು. ಅದಿರುವುದು ಆಮದುದಾರರ ಕಡತದಲ್ಲಿ, ಕೇಳಬೇಕಾದುದು ಅವರನ್ನೇ.