ಅಧಿಕಾರ ಹಸ್ತಾಂತರದ ಟಿಪ್ಪಣಿ: ಕುಡಿಯುವ ನೀರಿನ ನಿರ್ವಹಣೆಯನ್ನು ಮುಂದಿನವರಿಗೆ ಒಪ್ಪಿಸುವ ಬಗೆ

(ಗ್ರಾಮ ಪಂಚಾಯತಿ ಸದಸ್ಯರ ತರಬೇತಿ ಕಾರ್ಯಾಗಾರದಲ್ಲಿ ನೀಡಿದ ಉಪನ್ಯಾಸದ ಪಠ್ಯ)



ನಮ್ಮ ಗ್ರಾಮ ಪಂಚಾಯತಿಗಳಲ್ಲಿ ಅಧ್ಯಕ್ಷರ ಅವಧಿ 30 ತಿಂಗಳು. ಪಂಚಾಯತಿ ಅಭಿವೃದ್ಧಿ ಅಧಿಕಾರಿಗಳ ವರ್ಗಾವಣೆ ಯಾವಾಗ ಬೇಕಾದರೂ ಆಗಬಹುದು. ಐದು ವರ್ಷ ಮುಗಿದು ಚುನಾವಣೆ ತಡವಾದಲ್ಲಿ ಆಡಳಿತಾಧಿಕಾರಿಗಳು ಬರುತ್ತಾರೆ. ಹೀಗೆ ಒಂದೇ ಅವಧಿಯಲ್ಲಿ ಕಚೇರಿಯ ಹೊಣೆ ಹಲವು ಕೈಗಳಿಗೆ ಸಾಗುತ್ತದೆ. ಪ್ರತಿ ಬಾರಿಯೂ ಪ್ರಭಾರ ಪಟ್ಟಿಗೆ ಇಬ್ಬರ ಸಹಿ ಬೀಳುತ್ತದೆ. ಆ ಪಟ್ಟಿ ಅಗತ್ಯವಾದದ್ದೇ. ಆದರೆ ಅದರಲ್ಲಿ ಇರುವುದು ವಸ್ತುಗಳ ಮತ್ತು ವಹಿಗಳ ಎಣಿಕೆ ಮಾತ್ರ. "ಪಂಪು-ಮೋಟಾರು: 5" ಎಂದು ಪಟ್ಟಿ ಹೇಳುತ್ತದೆ. ಐದರಲ್ಲಿ ಒಂದು ರಿವೈಂಡಿಂಗ್ ಅಂಗಡಿಯಲ್ಲಿದೆ, ಹಿಂದಿನ ಬಾಕಿ ಕೊಡುವವರೆಗೆ ಅಂಗಡಿಯವರು ಅದನ್ನು ಹಿಂದಿರುಗಿಸುವುದಿಲ್ಲ ಎಂಬುದನ್ನು ಪಟ್ಟಿ ಹೇಳುವುದಿಲ್ಲ. ಅದನ್ನು ಹೇಳಬೇಕಾದದ್ದು ಪಟ್ಟಿಯ ಜೊತೆಗೆ ಲಗತ್ತಿಸುವ ಹಸ್ತಾಂತರ ಟಿಪ್ಪಣಿ. ಈ ಟಿಪ್ಪಣಿಯಲ್ಲಿ ಏನಿರಬೇಕೆಂಬುದನ್ನು ಕುಡಿಯುವ ನೀರು ಎಂಬ ಒಂದೇ ವಿಷಯವನ್ನು ಹಿಡಿದು ವಿವರಿಸುತ್ತೇನೆ. ಉಳಿದ ವಿಷಯಗಳಿಗೆ ತಡವಾದರೂ ಪರಿಹಾರವಿರಬಹುದು. ಏಪ್ರಿಲ್ ತಿಂಗಳಲ್ಲಿ ನೀರು ನಿಂತರೆ ಜನ ಮರುದಿನವೇ ಕೊಡ ಹಿಡಿದು ಕಚೇರಿಯ ಮುಂದಿರುತ್ತಾರೆ.

ಉದಾಹರಣೆಗಾಗಿ ಒಂದು ಪಂಚಾಯತಿಯನ್ನು ಕಲ್ಪಿಸಿಕೊಳ್ಳೋಣ. ಮೂರು ಜನವಸತಿಗಳು, ಐದು ಕೊಳವೆ ಬಾವಿಗಳು, ಎರಡು ಓವರ್‌ಹೆಡ್ ಟ್ಯಾಂಕುಗಳು, ಇಬ್ಬರು ನೀರುಗಂಟಿಗಳು. ಫೆಬ್ರವರಿ ಕೊನೆಯಲ್ಲಿ ಅಭಿವೃದ್ಧಿ ಅಧಿಕಾರಿಗಳಿಗೆ ವರ್ಗಾವಣೆಯಾಗಿದೆ. ಬೇಸಿಗೆಯೂ ಆರ್ಥಿಕ ವರ್ಷದ ಮುಕ್ತಾಯವೂ ಒಟ್ಟಿಗೆ ಎದುರಿಗಿವೆ.

ಬಾಕಿ ಇರುವ ಕೆಲಸಗಳು

ಬಾಕಿ ಕೆಲಸವನ್ನು "ಕ್ರಮ ವಹಿಸಲಾಗುತ್ತಿದೆ" ಎಂದು ಬರೆದರೆ ಅದು ಬರೆಯದಿದ್ದಂತೆಯೇ. ಪ್ರತಿ ಕೆಲಸಕ್ಕೂ ನಾಲ್ಕು ಸಂಗತಿಗಳು ಬೇಕು: ಈವರೆಗೆ ಏನಾಗಿದೆ, ಕಾಗದ ಎಲ್ಲಿದೆ, ಮುಂದಿನ ಹೆಜ್ಜೆ ಯಾವುದು, ಅದು ಯಾವ ದಿನಾಂಕದೊಳಗೆ ಆಗಬೇಕು.

ನಮ್ಮ ಕಲ್ಪಿತ ಪಂಚಾಯತಿಯಲ್ಲಿ ಕಳೆದ ಬೇಸಿಗೆಯಲ್ಲಿ ಒಬ್ಬ ರೈತರ ಖಾಸಗಿ ಕೊಳವೆ ಬಾವಿಯನ್ನು ಬಾಡಿಗೆಗೆ ಪಡೆಯಲಾಗಿತ್ತು ಎಂದಿಟ್ಟುಕೊಳ್ಳಿ. ಎರಡು ತಿಂಗಳ ಬಾಡಿಗೆ ಇನ್ನೂ ಪಾವತಿಯಾಗಿಲ್ಲ. ಟಿಪ್ಪಣಿಯಲ್ಲಿ ಇದನ್ನು ಹೀಗೆ ಬರೆಯಬಹುದು: "ಮೇಲಿನ ಹಟ್ಟಿಗೆ ಏಪ್ರಿಲ್ ಮತ್ತು ಮೇ ತಿಂಗಳಲ್ಲಿ ಖಾಸಗಿ ಕೊಳವೆ ಬಾವಿಯಿಂದ ನೀರು ಪಡೆಯಲಾಗಿದೆ. ಸಾಮಾನ್ಯ ಸಭೆಯ ನಿರ್ಣಯವಿದೆ. ಮಾಲೀಕರೊಂದಿಗಿನ ಒಪ್ಪಂದ ಪತ್ರ ಮತ್ತು ನೀರು ಪಡೆದ ದಿನಗಳ ವಹಿ ನೀರು ಸರಬರಾಜು ಕಡತದಲ್ಲಿವೆ. ಬಿಲ್ಲು ತಾಲ್ಲೂಕು ಪಂಚಾಯತಿಗೆ ಸಲ್ಲಿಕೆಯಾಗಿದೆ. ಸ್ವೀಕೃತಿ ಪ್ರತಿ ಅದೇ ಕಡತದಲ್ಲಿದೆ. ಮಾರ್ಚ್ 15ರೊಳಗೆ ವಿಚಾರಿಸಬೇಕು. ಬಾಡಿಗೆ ಸಂದಾಯವಾಗದಿದ್ದರೆ ಈ ಬೇಸಿಗೆಯಲ್ಲಿ ನೀರು ಕೊಡುವುದಿಲ್ಲವೆಂದು ಮಾಲೀಕರು ತಿಳಿಸಿದ್ದಾರೆ."

ಈ ಏಳು ಸಾಲುಗಳಲ್ಲಿ ಅತಿ ಮುಖ್ಯವಾದದ್ದು ಕೊನೆಯ ಸಾಲು. ಹಳೆಯ ಬಾಕಿಯೊಂದು ಮುಂದಿನ ಬೇಸಿಗೆಯ ನೀರನ್ನು ಹೇಗೆ ತಡೆಯಬಲ್ಲದು ಎಂಬುದು ಅದರಿಂದ ತಿಳಿಯುತ್ತದೆ. ಅದಿಲ್ಲದಿದ್ದರೆ ಹೊಸದಾಗಿ ಬಂದ ಅಧಿಕಾರಿ ಅದನ್ನು ಹತ್ತು ಹಳೆಯ ಬಿಲ್ಲುಗಳಲ್ಲಿ ಒಂದೆಂದು ಬದಿಗಿಡುತ್ತಾರೆ. ಏಪ್ರಿಲ್‌ನಲ್ಲಿ ಮಾಲೀಕರ ಮನೆಗೆ ಹೋದಾಗಲೇ ವಿಷಯ ಗೊತ್ತಾಗುತ್ತದೆ.

ಎರಡನೆಯದು ಬತ್ತಿಹೋದ ಕೊಳವೆ ಬಾವಿ. ಐದರಲ್ಲಿ ಒಂದು ಬತ್ತಿದೆ, ಮೋಟಾರನ್ನು ಮೇಲೆತ್ತಲಾಗಿದೆ. ಆದರೆ ಅದರ ವಿದ್ಯುತ್ ಸಂಪರ್ಕವನ್ನು ರದ್ದುಪಡಿಸಿಲ್ಲ. ಒಂದು ಯೂನಿಟ್ಟೂ ಬಳಕೆಯಾಗದಿದ್ದರೂ ನಿಗದಿತ ಶುಲ್ಕ ಪ್ರತಿ ತಿಂಗಳೂ ಬರುತ್ತಲೇ ಇರುತ್ತದೆ ಮತ್ತು ಬಾಕಿಗೆ ಸೇರುತ್ತಾ ಹೋಗುತ್ತದೆ. ಆದ್ದರಿಂದ ಟಿಪ್ಪಣಿಯಲ್ಲಿ ಪ್ರತಿ ಸ್ಥಾವರದ ಆರ್.ಆರ್. ಸಂಖ್ಯೆ, ಅದು ಯಾವ ಕೊಳವೆ ಬಾವಿಗೆ ಸೇರಿದ್ದು, ಬಾವಿ ಚಾಲ್ತಿಯಲ್ಲಿದೆಯೇ ಇಲ್ಲವೇ ಎಂಬುದನ್ನು ಎದುರುಬದುರು ಬರೆಯಬೇಕು. ಬಿಲ್ಲು ಬರುತ್ತಿರುವ ಸಂಖ್ಯೆಗಳನ್ನೂ ಓಡುತ್ತಿರುವ ಮೋಟಾರುಗಳನ್ನೂ ಹೀಗೆ ತಾಳೆ ನೋಡಿದರೆ ಸಂಪರ್ಕ ರದ್ದತಿಗೆ ಅರ್ಜಿ ಹಾಕಬೇಕಾದದ್ದು ಯಾವುದೆಂದು ತಾನಾಗಿ ಕಾಣುತ್ತದೆ.

ಮೂರನೆಯದು ಪಾವತಿಯ ಹಂತದಲ್ಲಿರುವ ಬಿಲ್ಲುಗಳು. ಹಣಕಾಸು ಆಯೋಗದ ಅನುದಾನದ ಪಾವತಿಗೆ ಅಧ್ಯಕ್ಷರ ಮತ್ತು ಅಭಿವೃದ್ಧಿ ಅಧಿಕಾರಿಗಳ ಡಿಜಿಟಲ್ ಸಹಿ ಎರಡೂ ಬೇಕು. ಇಬ್ಬರಲ್ಲಿ ಯಾರು ಬದಲಾದರೂ ಹೊಸಬರ ಸಹಿ ನೋಂದಣಿಯಾಗುವವರೆಗೆ ಪಾವತಿ ನಿಲ್ಲುತ್ತದೆ. ಪೈಪ್‌ಲೈನ್ ಕೆಲಸ ಮುಗಿದು ಅಳತೆ ಪುಸ್ತಕದಲ್ಲಿ ದಾಖಲಾದ ಬಿಲ್ಲು ಯಾವುದು, ಕೆಲಸ ಮುಗಿದೂ ಅಳತೆ ಆಗದಿರುವುದು ಯಾವುದು ಎಂಬುದನ್ನು ಬೇರೆ ಬೇರೆಯಾಗಿ ತೋರಿಸಬೇಕು. ಅಳತೆಯಾಗದ ಕೆಲಸದ ಕಂದಕ ಮುಚ್ಚಿದ ಮೇಲೆ ಪೈಪನ್ನು ಎಷ್ಟು ಆಳದಲ್ಲಿ ಹಾಕಲಾಗಿದೆಯೆಂದು ಪರಿಶೀಲಿಸುವುದು ಬಹು ಕಷ್ಟ.

ಸಂಪರ್ಕಿಸಬೇಕಾದವರು

ಹೆಸರು ಮತ್ತು ದೂರವಾಣಿ ಸಂಖ್ಯೆಗಳ ಪಟ್ಟಿ ಎಲ್ಲ ಕಚೇರಿಗಳ ಗೋಡೆಯ ಮೇಲೂ ಇರುತ್ತದೆ. ಟಿಪ್ಪಣಿಯಲ್ಲಿ ಬೇಕಾದದ್ದು ಯಾವ ತೊಂದರೆಗೆ ಯಾರು, ಹೋಗುವಾಗ ಏನು ಒಯ್ಯಬೇಕು, ಅವರು ಸಿಗದಿದ್ದರೆ ಇನ್ಯಾರು ಎಂಬ ವಿವರ. ಟ್ರಾನ್ಸ್‌ಫಾರ್ಮರ್ ಸುಟ್ಟರೆ ವಿದ್ಯುತ್ ಕಂಪನಿಯ ಶಾಖಾ ಕಚೇರಿಗೆ ಆರ್.ಆರ್. ಸಂಖ್ಯೆಯೊಂದಿಗೆ ಲಿಖಿತ ದೂರು ಕೊಡಬೇಕು. ಹೊಸ ಕೊಳವೆ ಬಾವಿಯ ಸ್ಥಳ, ನೀರಿನ ಗುಣಮಟ್ಟ ಮತ್ತು ಅಂದಾಜು ಪಟ್ಟಿಗೆ ಗ್ರಾಮೀಣ ಕುಡಿಯುವ ನೀರು ಮತ್ತು ನೈರ್ಮಲ್ಯ ಇಲಾಖೆಯ ಉಪವಿಭಾಗದ ಎಂಜಿನಿಯರರನ್ನು ಕಾಣಬೇಕು. ಶುದ್ಧ ಕುಡಿಯುವ ನೀರಿನ ಘಟಕ ನಿಂತರೆ, ಅದರ ನಿರ್ವಹಣೆ ಯಾರದು, ಒಪ್ಪಂದದ ಅವಧಿ ಯಾವತ್ತಿನವರೆಗೆ ಎಂದು ಮೊದಲು ತಿಳಿದಿರಬೇಕು. ಏಜೆನ್ಸಿಯ ಖರ್ಚಿನಲ್ಲಿ ಆಗಬೇಕಾದ ದುರಸ್ತಿಗೆ ಪಂಚಾಯತಿಯ ಹಣ ಹೋಗುವುದು ಈ ದಿನಾಂಕ ಗೊತ್ತಿಲ್ಲದಿರುವುದರಿಂದಲೇ.

ಈ ಎಲ್ಲರಿಗಿಂತ ಮೊದಲು ಬರೆಯಬೇಕಾದ ಹೆಸರು ನೀರುಗಂಟಿಯದು. ಯಾವ ವಾಲ್ವ್ ಎಲ್ಲಿ ಹೂತಿದೆ, ಯಾವುದನ್ನು ಮೊದಲು ತೆರೆದರೆ ಎತ್ತರದ ಕೇರಿಗೆ ನೀರು ಏರುತ್ತದೆ ಎಂಬ ತಿಳಿವಳಿಕೆ ಹೆಚ್ಚಿನ ಊರುಗಳಲ್ಲಿ ಅವರೊಬ್ಬರ ತಲೆಯಲ್ಲೇ ಇರುತ್ತದೆ. ಅವರು ಹತ್ತು ದಿನ ಕಾಯಿಲೆ ಬಿದ್ದರೆ ಆ ಕೇರಿಗೆ ನೀರಿಲ್ಲ. ಆದ್ದರಿಂದ ಹಸ್ತಾಂತರಕ್ಕೆ ಮೊದಲು ಅವರನ್ನು ಜೊತೆಗೆ ಕರೆದುಕೊಂಡು ನಡೆದು, ಟ್ಯಾಂಕಿನಿಂದ ಕೊನೆಯ ನಲ್ಲಿಯವರೆಗೆ ವಾಲ್ವ್‌ಗಳನ್ನು ಗುರುತಿಸಿದ ಒಂದು ಕೈನಕ್ಷೆ ಬರೆದು ಟಿಪ್ಪಣಿಗೆ ಸೇರಿಸಬೇಕು. "ಗುಡಿಯ ಮುಂದಿನ ಬೇವಿನ ಮರದಿಂದ ಪೂರ್ವಕ್ಕೆ ಹನ್ನೆರಡು ಹೆಜ್ಜೆ" ಎಂಬಂತಹ ಗುರುತು ಸಾಕು. ಊರಿನವರಿಗೆ ಅದು ಅರ್ಥವಾಗುತ್ತದೆ.

ತಿಳಿದಿರುವ ತೊಡಕುಗಳು

ಇದು ಟಿಪ್ಪಣಿಯ ಅತ್ಯಂತ ಉಪಯುಕ್ತ ಭಾಗ, ಬರೆಯಲು ಅತ್ಯಂತ ಕಷ್ಟದ ಭಾಗವೂ ಹೌದು.

ಮೊದಲನೆಯದಾಗಿ ಯಂತ್ರದ ತೊಡಕು. ಒಂದು ಕೊಳವೆ ಬಾವಿಯಲ್ಲಿ ಮೋಟಾರು ಪದೇ ಪದೇ ಸುಡುತ್ತಿದ್ದರೆ ಕಾರಣವನ್ನು ಬರೆಯಬೇಕು. ಮೂರು ಫೇಸುಗಳಲ್ಲಿ ಒಂದು ಹೋದಾಗ ಮೋಟಾರು ಓಡಿದರೆ ಸುಡುತ್ತದೆ; ನೀರಿನ ಮಟ್ಟ ಪಂಪಿಗಿಂತ ಕೆಳಗಿಳಿದು ಒಣಗಿ ಓಡಿದರೂ ಕೆಡುತ್ತದೆ. ಮೊದಲನೆಯದಕ್ಕೆ ಪ್ಯಾನೆಲ್ ಬೋರ್ಡಿನಲ್ಲಿ ರಕ್ಷಣಾ ಸಾಧನ ಬೇಕು. ಎರಡನೆಯದಕ್ಕೆ ಓಡಿಸುವ ಗಂಟೆಗಳನ್ನು ಕಡಿಮೆ ಮಾಡಬೇಕು ಅಥವಾ ಪಂಪನ್ನು ಇನ್ನೂ ಕೆಳಗಿಳಿಸಬೇಕು. ಕಾರಣ ತಿಳಿಯದೆ ಪ್ರತಿ ಬಾರಿಯೂ ರಿವೈಂಡಿಂಗ್ ಮಾಡಿಸಿದರೆ ಹಣವಷ್ಟೇ ಹೋಗುತ್ತದೆ. ಇದರೊಂದಿಗೆ ಬಾವಿಯ ಆಳ, ಇಳಿಸಿರುವ ಪೈಪುಗಳ ಸಂಖ್ಯೆ, ಮೋಟಾರಿನ ಅಶ್ವಶಕ್ತಿ ಮತ್ತು ಪಂಪಿನ ಸ್ಟೇಜುಗಳನ್ನು ಬರೆದಿಡಬೇಕು. 20 ಅಡಿಯ 24 ಪೈಪು ಇಳಿಸಿದ್ದರೆ ಪಂಪು 480 ಅಡಿಯಲ್ಲಿದೆ ಎಂದರ್ಥ. ಈ ಲೆಕ್ಕವಿಲ್ಲದೆ ಆತುರದಲ್ಲಿ ತಂದ ಪಂಪು ಅಷ್ಟು ಆಳದಿಂದ ನೀರನ್ನು ಟ್ಯಾಂಕಿಗೆ ಏರಿಸಲಾರದು.

ಎರಡನೆಯದು ನೀರಿನ ಗುಣದ ತೊಡಕು. ಒಂದು ಬಾವಿಯ ನೀರಿನಲ್ಲಿ ಫ್ಲೋರೈಡ್ ಲೀಟರಿಗೆ 1.5 ಮಿಲಿಗ್ರಾಂ ಮೀರಿದೆಯೆಂದು ಪರೀಕ್ಷಾ ವರದಿ ಬಂದು, ಅದನ್ನು ಕುಡಿಯಲು ಬಿಡದೆ ನಿಲ್ಲಿಸಿರಬಹುದು. ಹೊಸಬರಿಗೆ ಕಾಣುವುದು ಕೆಲಸ ಮಾಡುವ ಮೋಟಾರು, ಸುಮ್ಮನೆ ನಿಂತಿರುವ ಬಾವಿ. ನೀರಿನ ಅಭಾವದಲ್ಲಿ ಅವರು ಅದನ್ನು ಟ್ಯಾಂಕಿಗೆ ಜೋಡಿಸಿಬಿಡಬಹುದು. ಫ್ಲೋರೈಡಿಗೆ ಬಣ್ಣವೂ ಇಲ್ಲ, ರುಚಿಯೂ ಇಲ್ಲ. ಯಾರೂ ದೂರು ಕೊಡುವುದಿಲ್ಲ. ಆದ್ದರಿಂದ ನಿಲ್ಲಿಸಿದ ಪ್ರತಿಯೊಂದು ಬಾವಿಯ ಎದುರು ಏಕೆ ನಿಲ್ಲಿಸಲಾಗಿದೆ ಎಂಬುದನ್ನು ವರದಿಯ ದಿನಾಂಕದೊಂದಿಗೆ ಬರೆಯಲೇಬೇಕು. ಇಡೀ ಟಿಪ್ಪಣಿಯಲ್ಲಿ ಒಂದೇ ಸಾಲು ಬರೆಯಲು ಸಮಯವಿದ್ದರೆ ಇದನ್ನು ಬರೆಯಿರಿ.

ಮೂರನೆಯದು ಬಾಯಿಮಾತಿನ ಭರವಸೆಗಳು. ಕೊಳವೆ ಬಾವಿಗೆ ಜಾಗ ಬಿಟ್ಟುಕೊಟ್ಟವರಿಗೆ ಒಂದು ಉಚಿತ ನಲ್ಲಿ, ಇನ್ನೊಂದು ಕೇರಿಗೆ ಹಬ್ಬದ ಮೊದಲು ಪೈಪ್‌ಲೈನ್, ಹೀಗೆ ಹಿಂದಿನ ಅಧ್ಯಕ್ಷರು ಆಡಿದ ಮಾತುಗಳನ್ನು ಜನ ಮರೆಯುವುದಿಲ್ಲ. ನಿರ್ಣಯವಾಗಿರುವ ಭರವಸೆ ಯಾವುದು, ಬರಿಯ ಮಾತಿನದು ಯಾವುದು ಎಂದು ಪ್ರತ್ಯೇಕಿಸಿ ಬರೆಯಬೇಕು. ಟಿಪ್ಪಣಿಯಲ್ಲಿ ಸೇರಿದ ಮಾತ್ರಕ್ಕೆ ಭರವಸೆಯು ಪಂಚಾಯತಿಯನ್ನು ಕಟ್ಟಿಹಾಕುವುದಿಲ್ಲ. ಅದಕ್ಕೆ ಸಭೆಯ ನಿರ್ಣಯವೇ ಬೇಕು. ಆದರೆ ಜನ ಕೇಳಿದಾಗ ಹೊಸಬರಿಗೆ ವಿಷಯವಾದರೂ ತಿಳಿದಿರುತ್ತದೆ.

ಈ ಭಾಗದಲ್ಲಿ ವ್ಯಕ್ತಿಗಳ ಗುಣದೋಷ ಬರೆಯಬಾರದು. "ಇಂಥವರು ತಕರಾರಿನವರು" ಎಂಬ ಮಾತಿನಿಂದ ಪ್ರಯೋಜನವಿಲ್ಲ. ಆ ಕಾಗದ ಮುಂದೆ ಅವರ ಕೈಗೇ ಸೇರಬಹುದು. "ತಮ್ಮ ಜಮೀನಿನಲ್ಲಿ ಪೈಪ್‌ಲೈನ್ ಹಾದುಹೋಗಿರುವುದಕ್ಕೆ ಆಕ್ಷೇಪಿಸಿ ಅರ್ಜಿ ನೀಡಿದ್ದಾರೆ, ಉತ್ತರ ನೀಡಿಲ್ಲ" ಎಂದು ಬರೆದರೆ ಮುಂದಿನವರಿಗೆ ದಾರಿ ಕಾಣುತ್ತದೆ. ಹಾಗೆಯೇ ಗುಪ್ತಪದಗಳನ್ನು ಟಿಪ್ಪಣಿಯಲ್ಲಿ ಬರೆಯಬಾರದು, ಡಿಜಿಟಲ್ ಸಹಿಯ ಕೀಯನ್ನು ಹಸ್ತಾಂತರಿಸಬಾರದು. ಅದು ಹುದ್ದೆಯದಲ್ಲ, ವ್ಯಕ್ತಿಯದು. ಹಳಬರ ಕೀಯಿಂದ ಒಂದು ಪಾವತಿಯಾದರೂ ಆದರೆ ಅದರ ಹೊಣೆ ಊರು ಬಿಟ್ಟು ಹೋದವರ ಮೇಲೆ ಬೀಳುತ್ತದೆ.

ಸದಸ್ಯರ ಪಾತ್ರ

ಇದೆಲ್ಲ ಅಧಿಕಾರಿಗಳ ಕೆಲಸವಲ್ಲವೇ ಎಂದು ತಾವು ಕೇಳಬಹುದು. ಅಧ್ಯಕ್ಷರು ಬದಲಾಗುತ್ತಾರೆ, ಅಧಿಕಾರಿಗಳು ವರ್ಗವಾಗುತ್ತಾರೆ. ಅವಧಿ ಮುಗಿಯುವವರೆಗೆ ವಾರ್ಡಿನಲ್ಲಿ ಉಳಿಯುವವರು ತಾವು. ಹಸ್ತಾಂತರದ ನಂತರದ ಮೊದಲ ಸಾಮಾನ್ಯ ಸಭೆಯಲ್ಲಿ ಟಿಪ್ಪಣಿಯನ್ನು ಓದಿಸಿ. ತಮ್ಮ ವಾರ್ಡಿನ ಬಾವಿ, ಬಾಕಿ, ಭರವಸೆಗಳಲ್ಲಿ ಬಿಟ್ಟುಹೋದದ್ದನ್ನು ಅಲ್ಲಿಯೇ ಸೇರಿಸಿ. ಒಂದು ಪ್ರತಿ ಕಡತದಲ್ಲಿ, ಇನ್ನೊಂದು ಅಧ್ಯಕ್ಷರ ಬಳಿ ಇರಲಿ.

ಟಿಪ್ಪಣಿ ಸರಿಯಾಗಿದೆಯೇ ಎಂದು ತಿಳಿಯಲು ಒಂದು ಸುಲಭ ಪರೀಕ್ಷೆಯಿದೆ. ಊರಿಗೆ ಹೊಸಬರಾದ ಒಬ್ಬರ ಕೈಗೆ ಅದನ್ನು ಕೊಟ್ಟು, "ನಾಳೆ ಬೆಳಿಗ್ಗೆ ಮೇಲಿನ ಹಟ್ಟಿಗೆ ನೀರು ಬರದಿದ್ದರೆ ಏನು ಮಾಡುವಿರಿ?" ಎಂದು ಕೇಳಿ. ಯಾರಿಗೂ ಫೋನು ಮಾಡದೆ ಅವರು ಮೊದಲ ಮೂರು ಹೆಜ್ಜೆಗಳನ್ನು ಹೇಳಬಲ್ಲವರಾದರೆ ಟಿಪ್ಪಣಿ ಪೂರ್ಣವಾಗಿದೆ. ಹಳೆಯ ಅಧಿಕಾರಿಗಳ ದೂರವಾಣಿ ಸಂಖ್ಯೆಯನ್ನು ಹುಡುಕತೊಡಗಿದರೆ ಇನ್ನೂ ಬರೆಯಬೇಕಾದದ್ದಿದೆ.